ಅಕ್ಕ ಬರೆದ ಉತ್ತರ

ಸುದ್ದಿ ಬಂದದ್ದು ಗುರುವಾರ ಬೆಳಿಗ್ಗೆ, ಹತ್ತೂವರೆಯ ಹೊತ್ತಿಗೆ. ಅಕ್ಕ ಆಗ ನೋಂದಣಿ ಕಚೇರಿಯ ಎದುರಿನ ತನ್ನ ಟೈಪಿಂಗ್ ಅಂಗಡಿಯಲ್ಲಿ ಕೂತು ಮುದುಕರೊಬ್ಬರಿಗೆ ಅವರ ಬಾಡಿಗೆ ಕರಾರನ್ನು ಓದಿ ಹೇಳುತ್ತಿದ್ದಳು. ಫೋನು ಮಾಡಿದವರು ತಂಗಿ ಕೆಲಸ ಮಾಡುವ ಆಸ್ಪತ್ರೆಯ ಮೇಟ್ರನ್.

"ಅಮ್ಮಾ, ನಿಂತಿದ್ದೀರೋ ಕೂತಿದ್ದೀರೋ?"

"ಕೂತೇ ಇದೀನಿ. ಯಾಕೆ?"

"ಹಾಗಾದ್ರೆ ಏಳಬೇಡಿ. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

ರಾತ್ರಿ ಪಾಳಿ ಮುಗಿಸಿ, ಆಸ್ಪತ್ರೆಯ ಗೇಟು ದಾಟಿ ಎದುರಿನ ಬಸ್ ನಿಲ್ದಾಣಕ್ಕೆ ಹೊರಟಿದ್ದ ತಂಗಿಗೆ ಲಾರಿ ಬಡಿದಿತ್ತು. ಆರು ವರ್ಷ ಡಯಾಲಿಸಿಸ್ ನರ್ಸಾಗಿ ದುಡಿದ ಆಸ್ಪತ್ರೆಗೇ ಅವಳನ್ನು ಸ್ಟ್ರೆಚರಿನ ಮೇಲೆ ಒಯ್ದರು. ಅಷ್ಟರಲ್ಲೇ ಜೀವ ಹೋಗಿತ್ತು. ಮುದುಕರು ತಮ್ಮ ಕರಾರನ್ನು ಅಲ್ಲೇ ಬಿಟ್ಟು, ಅಕ್ಕನ ಕೈ ಹಿಡಿದು ಆಟೋ ಹತ್ತಿಸಿದರು.

ತಾಯಿ ತೀರಿಕೊಂಡಾಗ ತಂಗಿಗೆ ನಾಲ್ಕು ವರ್ಷ, ಅಕ್ಕನಿಗೆ ಇಪ್ಪತ್ತು. ಅಂದಿನಿಂದ ಅವಳು ಅಕ್ಕನ ಸೆರಗು ಬಿಟ್ಟವಳಲ್ಲ. ಓಣಿಯವರು ಅವಳನ್ನು ಅಕ್ಕನ 'ಬಾಲ' ಎಂದೇ ಕರೆಯುತ್ತಿದ್ದರು. ಮೂವತ್ತೆರಡಾದರೂ ಆ ಹೆಸರು ಹೋಗಿರಲಿಲ್ಲ.

ಆಸ್ಪತ್ರೆಗಳಿಗೆ ನರ್ಸುಗಳನ್ನು ಹುಡುಕಿಕೊಡುವ ಏಜೆನ್ಸಿಯೊಂದರಿಂದ ಬಾಲನಿಗೆ ಪತ್ರ ಬಂದದ್ದು ಇದಕ್ಕೆ ಹದಿನಾಲ್ಕು ದಿನ ಮುಂಚೆ. ದೂರದ ಊರಿನ ಆಸ್ಪತ್ರೆಯಲ್ಲಿ ಹೊಸ ಡಯಾಲಿಸಿಸ್ ವಿಭಾಗ. ಯಂತ್ರಗಳು ಬಂದು ಕೂತಿವೆ, ತೆರೆಯುವ ದಿನವೂ ಗೊತ್ತಾಗಿದೆ. ಒಪ್ಪಿಗೆ ಇದ್ದರೆ ಎರಡು ದಿನದಲ್ಲಿ ಇಮೇಲಿನಲ್ಲಿ ಖಚಿತಪಡಿಸಿ, ಖಚಿತಪಡಿಸಿದ ದಿನದಿಂದ ವಾರದೊಳಗೆ ಬಂದು ನೆಲೆಸಬೇಕು, ಉಳಿಯಲು ಕ್ವಾರ್ಟರ್ಸ್ ಕೊಡುತ್ತೇವೆ ಎಂದು ಬರೆದಿದ್ದರು.

ಬಾಲ ಕುಣಿಯುತ್ತಾ ಅಂಗಡಿಗೆ ಬಂದಿದ್ದಳು.

"ಅಕ್ಕಾ, ಮೇಟ್ರನ್‌ಗೆ ಕೇಳಿದೆ. ನಿಯಮದ ಪ್ರಕಾರ ತಿಂಗಳ ನೋಟಿಸು ಕೊಡ್ಬೇಕು. ಆದ್ರೆ ಹೊಸಬರಿಬ್ರು ಸೇರಿದಾರಲ್ಲ, ಐದೇ ದಿನದಲ್ಲಿ ಬಿಡುಗಡೆ ಪತ್ರ ಕೊಡ್ತೀನಿ, ಹೋಗಿ ಉದ್ಧಾರ ಆಗು ಅಂದ್ರು. ಬರಿ, ವಾರದಲ್ಲಿ ಬರ್ತೀನಿ ಅಂತ."

"ಮೊದ್ಲು ಅವರ ನೇಮಕಾತಿ ಪತ್ರ ಕೈಗೆ ಬರಲಿ. ಅಲ್ಲೀತನಕ ಇಲ್ಲಿ ರಾಜೀನಾಮೆ ಗೀಜೀನಾಮೆ ಕೊಟ್ಟುಬಿಟ್ಟೀಯ!"

"ಅಷ್ಟು ದಡ್ಡಿ ಅಲ್ಲ ಕಣೇ. ನಾವು ಖಚಿತ ಅಂದ್ಮೇಲೆ ತಾನೇ ಅವರು ಪತ್ರ ಕಳಿಸೋದು?"

"ಅಲ್ಲಿ ನಿನ್ನ ತಲೆ ಬಾಚೋರು ಯಾರು?"

"ಬಾಲ ಕತ್ತರಿಸಿದ್ರೆ ನಿನಗೇ ಹಗುರ ಆಗತ್ತೆ ಬಿಡು. ನೀನೂ ಬಾ, ಅಲ್ಲಿ ಟೈಪ್ ಮಾಡೋರಿಗೇನು ಬರವೇ?" ಎಂದು ನಕ್ಕು, ಪಾಳಿಗೆ ತಡವಾಯಿತೆಂದು ಅವಳು ಓಡಿದಳು. ಅವಳ ಇಮೇಲು ಸದಾ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತಿತ್ತು. ಅವಳ ಪತ್ರವ್ಯವಹಾರವೆಲ್ಲ ಅಕ್ಕನದೇ ಕೈಬರಹ ಎನ್ನಬೇಕು.

ಮೂವತ್ತು ವರ್ಷದ ಕಸುಬಿನಲ್ಲಿ ಅಕ್ಕ ಒಂದು ವ್ರತದಂತೆ ನಡೆಸಿಕೊಂಡು ಬಂದದ್ದಿತ್ತು. ಗಿರಾಕಿ ಹೇಳಿದ್ದನ್ನೇ ಬರೆಯುವುದು, ಬರೆದದ್ದನ್ನು ಓದಿ ಹೇಳುವುದು, ಆಮೇಲೆ ಸಹಿ. ತನ್ನ ಮಾತನ್ನು ಇನ್ನೊಬ್ಬರ ಬಾಯಿಗೆ ಇಟ್ಟವಳಲ್ಲ. ಅಂದು ಇಟ್ಟಳು. 'ನಾನು ಈಗ ಕೆಲಸ ಮಾಡುವಲ್ಲಿ ಒಂದು ತಿಂಗಳ ನೋಟಿಸು ಕಡ್ಡಾಯ. ಒಂದು ತಿಂಗಳ ಅವಕಾಶ ಕೊಟ್ಟರೆ ಬರಲು ಸಿದ್ಧಳಿದ್ದೇನೆ' ಎಂದು ಬರೆದು ಕಳಿಸಿಬಿಟ್ಟಳು. ಬರೆದದ್ದರಲ್ಲಿ ನಿಯಮದ ಮಟ್ಟಿಗೆ ತಪ್ಪಿರಲಿಲ್ಲ. ಐದು ದಿನದ ಮಾತನ್ನು ಮಾತ್ರ ನುಂಗಿದ್ದಳು. ಒಂದು ತಿಂಗಳು ಮನೆಯಲ್ಲಿರಲಿ, ಅಷ್ಟರಲ್ಲಿ ತನ್ನ ಎದೆ ಗಟ್ಟಿಯಾಗಲಿ ಎಂಬ ಆಸೆ. ಅವರು ಬೇಡವೆಂದು ಬೇರೆಯವರನ್ನು ತೆಗೆದುಕೊಂಡರೆ ಇನ್ನೂ ಒಳ್ಳೆಯದು ಎಂಬ ಆಸೆ ಅದರ ಕೆಳಗೆ ಅಡಗಿತ್ತು.

ಸಂಜೆ ಬಾಲನಿಗೆ, "ಅವರೇ ತಿಂಗಳು ಮುಂದೂಡೋ ಹಾಗೆ ಕಾಣತ್ತೆ" ಎಂದಳು. ಬಾಲ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, "ಹೂಂ, ಆಗಲಿ ಬಿಡು" ಎಂದಳು. ಎರಡು ದಿನಕ್ಕೆ ಏಜೆನ್ಸಿಯಿಂದ 'ಮೇಲಿನವರನ್ನು ಕೇಳುತ್ತಿದ್ದೇವೆ, ಕಾಯಿರಿ' ಎಂದು ಬಂತು. ಕಾದರು.

ಒಪ್ಪಿಗೆಯೆಂದು ಬರೆದಿದ್ದರೆ ಆ ಗುರುವಾರ ಅವಳು ಬೇರೆ ಊರಿನ ಬೇರೆ ಬೀದಿಯಲ್ಲಿ ಇರುತ್ತಿದ್ದಳು. ಚಿತೆಯ ಮುಂದೆ ಅಕ್ಕನಿಗೆ ಹೊಳೆದದ್ದು ಇದೊಂದೇ. ಯಾರ ಬಳಿಯೂ ಬಾಯಿ ಬಿಡಲಿಲ್ಲ.

ಐದನೆಯ ದಿನ ಅಂಗಡಿಯ ಬಾಗಿಲು ತೆರೆದಳು. ಮುದುಕರ ಕರಾರು ಮುಗಿಸಿಕೊಡಬೇಕಿತ್ತು. ಕಂಪ್ಯೂಟರು ಹಚ್ಚಿದಾಗ ಬಾಲನ ಇಮೇಲಿನಲ್ಲಿ ಹೊಸ ಪತ್ರ. 'ತಿಂಗಳ ಅವಕಾಶ ಸಾಧ್ಯವಿಲ್ಲ. ವಿಭಾಗ ತೆರೆಯುವ ದಿನ ಬದಲಾಗದು. ಇಂದು ಸಂಜೆಯೊಳಗೆ ಖಚಿತಪಡಿಸಿ, ಇಂದಿನಿಂದ ಏಳು ದಿನದಲ್ಲಿ ಬರಬೇಕು. ಇಲ್ಲವಾದರೆ ಮುಂದಿನವರಿಗೆ ಅವಕಾಶ ಕೊಡುತ್ತೇವೆ.'

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಎಲ್ಲೋ ಒಬ್ಬ ನರ್ಸು ಆ ಜಾಗಕ್ಕೆ ಕಾಯುತ್ತಿರಬಹುದು. ಅಲ್ಲದೆ ಬಾಲನ ಹೆಸರಿನಲ್ಲಿ ಇನ್ನೊಂದು ಸುಳ್ಳು, ಮೌನದ್ದಾದರೂ, ಅಕ್ಕನಿಗೆ ಬೇಡವಾಗಿತ್ತು. ಬೆರಳುಗಳು ಅಕ್ಷರ ಮರೆತಂತೆ ತಡಕಾಡಿದವು. 'ಮಾನ್ಯರೇ, ಇದನ್ನು ಬರೆಯುತ್ತಿರುವುದು ಅವಳಲ್ಲ, ಅವಳ ಅಕ್ಕ. ನನ್ನ ತಂಗಿ ಗುರುವಾರ ತೀರಿಕೊಂಡಳು. ಹಿಂದೆ ಒಂದು ತಿಂಗಳು ಕೇಳಿದ್ದೂ ಅವಳಲ್ಲ, ನಾನು. ಅವಳು ವಾರದಲ್ಲಿ ಬರಲು ಸಿದ್ಧಳಿದ್ದಳು. ಅವಳನ್ನು ಮಾತಿಗೆ ತಪ್ಪಿದವಳೆಂದು ತಿಳಿಯಬೇಡಿ. ಜಾಗವನ್ನು ಬೇರೆಯವರಿಗೆ ಕೊಡಿ.' ಕಳಿಸಿದಳು.

ಹತ್ತು ನಿಮಿಷಕ್ಕೆ, ಆಸ್ಪತ್ರೆಯವರು ಅಕ್ಕನ ಕೈಗೆ ಕೊಟ್ಟಿದ್ದ ಬಾಲನ ಫೋನು ಹೊಡೆದುಕೊಂಡಿತು. ಏಜೆನ್ಸಿಯ ಹೆಂಗಸು.

"ಅಮ್ಮಾ... ನಾನೇ ಆ ಪತ್ರಗಳನ್ನ ಕಳಿಸ್ತಿದ್ದೋಳು. ಏನು ಹೇಳ್ಲಿ ಗೊತ್ತಾಗ್ತಿಲ್ಲ."

"ನೀವೇನು ಹೇಳ್ತೀರಮ್ಮ. ಪಾಪ ಮಾಡಿದೋಳು ನಾನು."



"ಹೇಳ್ಬೇಕೋ ಬೇಡ್ವೋ... ನಿಮ್ಮ ತಂಗಿಗೆ ಗೊತ್ತಿತ್ತು ಅಮ್ಮ. ನೀವು ಬರೆದ ದಿನವೇ ಫೋನ್ ಮಾಡಿದ್ರು. ಕಳಿಸಿದ ಪತ್ರ ಅವರ ಫೋನಲ್ಲೂ ಕಾಣತ್ತಲ್ಲ."

ಅಕ್ಕನಿಗೆ ಅದು ಹೊಳೆದೇ ಇರಲಿಲ್ಲ. ಪತ್ರವೆಂದರೆ ಅವಳಿಗೆ ಇಂದಿಗೂ ತನ್ನ ಕೈ ದಾಟಿ ಹೋದ ಕಾಗದ.

"ಏನಂದ್ಲು?"

"ಇದು ನನ್ನ ಮಾತಲ್ಲ, ಅಕ್ಕಂದು ಅಂದ್ರು. ಹಾಗಾದ್ರೆ ಈಗಲೇ ಸರಿಪಡಿಸಿ ಇನ್ನೊಂದು ಕಳಿಸಿ, ಜಾಗ ಕೈತಪ್ಪಬಹುದು ಅಂದೆ. ನಕ್ಕರು. 'ನಮ್ಮಕ್ಕ ಮೂವತ್ತು ವರ್ಷದಲ್ಲಿ ಯಾರ ಮಾತನ್ನೂ ಒಂದಕ್ಷರ ತಿದ್ದಿದೋಳಲ್ಲ. ನನಗೋಸ್ಕರ ತಿದ್ದಿದಾಳೆ. ಅದು ಹಾಗೇ ಇರ್ಲಿ, ತಿಂಗಳು ಅವಳ ಜೊತೆ ಇದ್ದು ಬರ್ತೀನಿ, ಆಗದಿದ್ರೆ ಬೇಡ' ಅಂದ್ರು. ನಾನು ಇಂಥ ಉತ್ತರ ಕೇಳಿರ್ಲಿಲ್ಲ, ಅದಕ್ಕೇ ನೆನಪಿದೆ."

ಅಕ್ಕ ತಿಳಿದಂತೆ ಬಾಲ ಮೋಸಹೋಗಿರಲಿಲ್ಲ. ತಿಳಿದೂ ತಿಳಿದೂ ಉಳಿದಿದ್ದಳು. ಕ್ಷಮೆ ಕೇಳುವ ಮೊದಲೇ ಕೊಟ್ಟುಹೋಗಿದ್ದಳು. ಅದರಿಂದ ಎದೆಯ ಕಲ್ಲು ಇಳಿಯಲಿಲ್ಲ, ಇನ್ನಷ್ಟು ಒಳಗೆ ಹೋಗಿ ಕೂತಿತು. ಅವಳ ಕಣ್ಣ ಮುಂದೆ ಆ ಸಂಜೆಯ ಬಾಲನ ನೋಟ ಬಂತು, "ಆಗಲಿ ಬಿಡು" ಎಂದ ದನಿ ಕೇಳಿತು.

"ಅಮ್ಮಾ, ಇದೀರಾ?"

"ಇದೀನಿ ತಾಯಿ. ಒಳ್ಳೇದಾಗ್ಲಿ ನಿಮಗೆ."

ಅಕ್ಕ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ನೆಲದ ಮೇಲೆ ಕೂತು ಕೈ ಜೋಡಿಸಿದಳು. ಮಾತು ಮೆಲ್ಲಗೆ ಬಂತು.

"ಭಗವಂತಾ, ನನ್ನ ತಪ್ಪಿನ ಲೆಕ್ಕ ನನ್ನಲ್ಲೇ ಕೇಳು. ಮಗು ಬಹಳ ದಣಿದು ಬಂದಿದೆ, ರಾತ್ರಿಯೆಲ್ಲ ನಿದ್ದೆಯಿಲ್ಲ. ನನಗಾಗಿ ನಿಂತ ಕಾಲುಗಳು ಅವು. ಅವಳನ್ನು ನಿನ್ನ ಹತ್ತಿರ ಕೂರಿಸಿಕೊಂಡು ತಲೆ ನೇವರಿಸು. ಅವಳ ಜೀವಕ್ಕೆ ನೋವಿಲ್ಲದ, ಭಯವಿಲ್ಲದ, ಶಾಂತವಾದ ನೆಲೆ ಕೊಡು."