ಒಂದೇ ಪೊಟ್ಟಣದ ಮೂರು ಮಾತ್ರೆ

ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೂ ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷನ್ ಮುಂದೆ ತೂಕಡಿಸುತ್ತಿದ್ದಳು. ಇನ್ನೊಂದು ಅಂಗಿಗೆ ತೋಳು ತಿರುಗುಮುರುಗಾಗಿ ಹೊಲಿದರೆ ಕೆಲಸವಿಲ್ಲವೆಂದು ಸೂಪರ್‌ವೈಸರ್ ಹೇಳಿಯಾಗಿತ್ತು. ರಕ್ತದ ವರದಿಯೂ ಸುಧಾರಿಸಿರಲಿಲ್ಲ. ಡೋಸ್ ಜಾಸ್ತಿ ಮಾಡಿಸಿಕೊಳ್ಳಲೆಂದು ಗಂಡನ ಜೊತೆ ಡಾಕ್ಟರ ಬಳಿ ಬಂದಳು.

"ಮಾತ್ರೆ ಹೇಗೆ ತಗೋತೀರಮ್ಮ?"

"ಖಾಲಿ ಹೊಟ್ಟೇಲೇ ಡಾಕ್ಟ್ರೇ. ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣದ್ದು. ಇವರೇ ಮೂರನ್ನೂ ಪೊಟ್ಟಣ ಕಟ್ಟಿಡ್ತಾರೆ."

ಅದೇ ಗಾರ್ಮೆಂಟ್ಸ್‌ನ ಪ್ಯಾಕಿಂಗ್ ವಿಭಾಗದಲ್ಲಿದ್ದ ಗಂಡ ನೆಟ್ಟಗೆ ಕೂತ. "ಒಂದಿನಾನೂ ತಪ್ಪಿಸಿಲ್ಲ ಸಾರ್."

"ಅದೇ ಎಡವಟ್ಟಾಗಿರೋದು. ಅವೆರಡೂ ಥೈರಾಯ್ಡ್ ಮಾತ್ರೇನ ಮೈಗೆ ಹತ್ತೋಕೆ ಬಿಡಲ್ಲ. ಡೋಸ್ ಈಗಿರೋದೇ ಇರಲಿ. ಎದ್ದ ತಕ್ಷಣ ಇದೊಂದನ್ನೇ ನೀರಲ್ಲಿ ನುಂಗಿ, ಒಂದು ಗಂಟೆ ಕಾಫಿ ತಿಂಡಿ ಬೇಡ. ಕ್ಯಾಲ್ಸಿಯಂ ಮಧ್ಯಾಹ್ನ, ಕಬ್ಬಿಣ ರಾತ್ರಿ. ನಾಲ್ಕು ಗಂಟೆ ಅಂತರವಾದ್ರೂ ಇರಬೇಕು. ಆರರಿಂದ ಎಂಟು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ಡೋಸ್ ಆಗ ನೋಡೋಣ."

"ಅಲ್ಲೀವರೆಗೂ ತೂಕಡಿಸ್ಲಾ?"

"ಅದಕ್ಕೂ ಮೊದ್ಲು ನೋಡಿದ್ರೆ ಸರಿಯಾಗಿ ಗೊತ್ತಾಗಲ್ಲಮ್ಮ. ಹಗುರ ಕೆಲಸ ಕೊಡಿ ಅಂತ ಸೂಪರ್‌ವೈಸರ್‌ಗೆ ಬರ್ಕೊಡ್ತೀನಿ."

ಹೊರಗೆ ಬಂದ ಮೇಲೆ ಗಂಡ ಗೊಣಗಿದ. "ನಿಂಗೆ ಸುಲಭ ಆಗ್ಲಿ ಅಂತ ಕಟ್ತಿದ್ದೆ ಕಣೇ."

"ಗೊತ್ತು ರೀ," ಅಂದಳು ಅವಳು. "ಕೆಲಸ ಹೋಗಿದ್ರೆ ಇನ್ನೂ ಸುಲಭ ಆಗ್ತಿತ್ತು."