ದೋಣಿ ಬಿಟ್ಟಳು

ಶರಣ್ಯಾಳ ಕಿರುಪ್ರಬಂಧದ ಕೊನೆಯ ಅಧ್ಯಾಯ ಓದುವಾಗ ವನಜ ಮೇಡಂಗೆ ಚುಚ್ಚಿದ್ದು ಒಂದೇ ಒಂದು ಪದ: ‘ಕೆಲವರು’.

‘ಕಾದಂಬರಿಯ ಅಂತ್ಯದಲ್ಲಿ ಅಮ್ಮಣ್ಣಿಯು ಗಂಡನನ್ನು ಕರೆತರಲು ಹೊರಟಳೆಂದು ಕೆಲವರು ಭಾವಿಸುತ್ತಾರೆ. ಇದು ಹೆಣ್ಣಿನ ಸ್ವಾಭಿಮಾನವನ್ನು ಅರಿಯದ ಹಳೆಯ ಕಾಲದ ಓದು. ಆದ್ದರಿಂದ ಒಪ್ಪತಕ್ಕದ್ದಲ್ಲ.’

ಆ ಕೆಲವರು ಯಾರೆಂದು ಕುಂದಾಪುರದ ಆ ಕಾಲೇಜಿನ ಕನ್ನಡ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ಹಲವರಲ್ಲ, ಒಬ್ಬರೇ. ಶರಣ್ಯಾಳಿಗೆ ಮಾರ್ಗದರ್ಶನ ಮಾಡುತ್ತಿದ್ದ ವನಜ ಮೇಡಂ.

‘ಆಚೆ ದಡದ ಕರೆ’ ಎಂಬ ಆ ಕಾದಂಬರಿಯ ಬಗ್ಗೆ ಮೇಡಂ ಬರೆದ ಲೇಖನಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಮಾಡಿ ಹೋಗುತ್ತಿದ್ದ ಹೊಸ ಉಪನ್ಯಾಸಕಿಗೆ ಹೆಸರು ತಂದುಕೊಟ್ಟ ಲೇಖನ ಅದು. ಕಾದಂಬರಿಯ ಅಮ್ಮಣ್ಣಿ ಹೊಳೆಯಲ್ಲಿ ಜನ ದಾಟಿಸುವವಳು. ಗಂಡ ಚಂದಯ್ಯ ಮುಂಬಯಿಗೆ ಹೋದವನದು ವರ್ಷಗಟ್ಟಲೆ ಸುದ್ದಿಯಿಲ್ಲ. ಕಡೆಯ ಪುಟದಲ್ಲಿ, ಕತ್ತಲಾಗುವ ಹೊತ್ತಿಗೆ, ಆಚೆ ದಡದಿಂದ ಅವನು ಕರೆಯುತ್ತಾನೆ. ಇವಳು ದಡಕ್ಕಿಳಿಯುತ್ತಾಳೆ. ಕಾದಂಬರಿ ಎರಡು ಪದಗಳಲ್ಲಿ ಮುಗಿಯುತ್ತದೆ: ‘ದೋಣಿ ಬಿಟ್ಟಳು.’

ಅವನನ್ನು ಕರೆತರಲು ದೋಣಿ ನಡೆಸಿದಳೋ, ಇನ್ನು ಈ ದೋಣಿಯೂ ಬೇಡ ಈ ಗಂಡನೂ ಬೇಡ ಎಂದು ತೊರೆದಳೋ? ಕಾದಂಬರಿಕಾರರು ಏನೂ ಹೇಳದೆ ತೀರಿಕೊಂಡಿದ್ದರು. ಓದಿದವರು ಎರಡು ಪಂಗಡವಾಗಿ ಜಗಳಾಡುತ್ತಿದ್ದಾಗ ವನಜ ಮೇಡಂ ಮೊದಲ ಪಂಗಡಕ್ಕೆ ಆಧಾರ ಒದಗಿಸಿದ್ದರು. ಕಾದಂಬರಿಯುದ್ದಕ್ಕೂ ನಿರೂಪಕ ‘ದೋಣಿ ಬಿಟ್ಟಳು’ ಎಂದಾಗಲೆಲ್ಲ ಅಮ್ಮಣ್ಣಿ ಹೊಳೆ ದಾಟಿದ್ದಾಳೆ. ಕೊನೆಯ ಸಾಲಿನಲ್ಲಿ ಮಾತ್ರ ಬೇರೆ ಅರ್ಥ ಹುಡುಕುವುದೇಕೆ? ಆ ಪ್ರಶ್ನೆಗೆ ಇದುವರೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ.

ಶರಣ್ಯಾ ಬೈಂದೂರಿನವಳು. ಮೀನು ವ್ಯಾಪಾರದ ಮನೆ. ಮಾತು ಕಡಿಮೆ, ಹಟ ಜಾಸ್ತಿ. ಮೇಡಂ ಕರೆಸಿದಾಗ ಬಾಗಿಲ ಬಳಿಯೇ ನಿಂತಳು.

“ಬಾ ಒಳ್ಗೆ. ಈ ‘ಕೆಲವರು’ ಅಂದ್ರೆ ಯಾರೆ?”

ಅವಳು ನೆಲ ನೋಡಿದಳು. “ನಿಮ್ ಹೆಸ್ರ್ ಹ್ಯಾಂಗೆ ಬರೂದ್ ಮೇಡಂ.”

“ಹೆಸ್ರ್ ಹಾಕೂಕೆ ಹೆದ್ರಿಕಿ. ಹಳೇ ಕಾಲದ ಓದು ಅಂಬೂಕೆ ಹೆದ್ರಿಕಿ ಇಲ್ಲೆ ಅಲ್ದಾ?”

ಶರಣ್ಯಾಳ ಮುಖ ಕೆಂಪಾಯಿತು. ಮೇಡಂ ದನಿ ತಗ್ಗಿಸಿದರು. ಒಳಗೆ ಉರಿ ಇದ್ದದ್ದು ನಿಜ. ಆದರೆ ಉರಿಯಲ್ಲಿ ಪಾಠ ಮಾಡುವವರಲ್ಲ ಅವರು.

“ಕಾಣ್, ಇದ್ ಉತ್ರ ಅಲ್ಲ, ಬೈಗುಳ. ನಾನ್ ಎಂತ ಆಧಾರ ಕೊಟ್ಟಿದ್ದೆ ಅಂದೇ ನೀ ಹೇಳ್ಲಿಲ್ಲೆ. ಮೊದ್ಲ್ ನನ್ನ್ ವಾದನ ನಾನ್ ಓದಿ ಹೌದ್ ಅಂಬು ಹಾಂಗೆ ಬರಿ. ಅದ್ರಗೆ ಒಪ್ಪುದಿದ್ರೆ ಒಪ್ಕೊ. ಆಮೇಲೆ ಪುಸ್ತಕದ್ ಒಳ್ಗಿಂದ್ಲೇ ಉತ್ರ ಕೊಡ್. ಒಂದೇ ಪ್ಯಾರಾ ಸಾಕ್. ಆದ್ರೆ ಇಡೀ ಅಧ್ಯಾಯ ನಿಂತದ್ದ್ ಅದ್ರ್ ಮೇಲೆ.”

ಮುಂದಿನ ವಾರ ಎರಡನೆಯ ಪ್ರತಿ ಬಂತು. ಈ ಸಲ ಹೆಸರಿತ್ತು. ವಾದವನ್ನು ಎಷ್ಟು ಚೆನ್ನಾಗಿ ಹೇಳಿದ್ದಳೆಂದರೆ ತಾನೇ ಅಷ್ಟು ಅಚ್ಚುಕಟ್ಟಾಗಿ ಬರೆದಿರಲಿಲ್ಲವಲ್ಲ ಎಂದು ಮೇಡಂಗೆ ಅನಿಸಿತು. ಆದರೆ ಹೊಗಳಿ ಹೊಗಳಿ ಕೊನೆಗೆ ಉತ್ತರ ಸೊರಗಿತ್ತು: ‘ಆದಾಗ್ಯೂ, ಕೊನೆಯ ಪುಟದಲ್ಲಿ ಅಮ್ಮಣ್ಣಿ ಹುಟ್ಟು ಎತ್ತಿಕೊಂಡ ಉಲ್ಲೇಖವಿಲ್ಲ. ಹುಟ್ಟಿಲ್ಲದೆ ದೋಣಿ ನಡೆಸಲಾಗದು. ಆದ್ದರಿಂದ ತೊರೆದಳು ಎಂದೂ ಹೇಳಬಹುದೇನೋ.’

“ಹುಟ್ಟು ತಕಂಡ್ಲ್ ಅಂದ್ ಬರೀಲಿಲ್ಲೆ ಅಂದ್ರೆ ತಕಣ್ಲಿಲ್ಲೆ ಅಂತಾ?” ಮೇಡಂ ಕೇಳಿದರು. “ಕೊನೇ ಪುಟದಗೆ ಅವ್ಳ್ ಸೀರೆ ಉಟ್ಕಂಡ್ಲ್ ಅಂತ್ಲೂ ಇಲ್ಲೆ ಮಾರಾಯ್ತಿ. ಹೇಳ್ದೆ ಇದ್ದದ್ದನ್ನ ಆಧಾರ ಮಾಡೂಕಾಗ.”

ಶರಣ್ಯಾ ನಗಲಿಲ್ಲ.

“ಮತ್ತೆ ಈ ‘ಹೇಳಬಹುದೇನೋ’ ಯಾರಿಗೆ? ನಂಗ್ ಹೆದ್ರಿ ಬರ್ದದ್ದ್ ಇದ್. ನಿಂಗೆ ನಾನ್ ಹೇಳದ್ದ್ ಸರಿ ಅಂದ್ ಕಂಡ್ರೆ ನಿನ್ನ್ ಅಧ್ಯಾಯ ತೆಗ್ದ್ ಹಾಕ್. ತಪ್ಪ್ ಅಂದ್ ಕಂಡ್ರೆ ನನ್ನ್ ಎದುರ್ ನಿಂತ್ ಹೇಳ್.”

“ನಂಗೆ ತಪ್ಪ್ ಅಂದೇ ಕಾಂತ್ ಮೇಡಂ,” ಎಂದಳು ಹುಡುಗಿ ಮೆಲ್ಲಗೆ. “ಎಲ್ಲಿ ಅಂದ್ ಗೊತ್ತಾತಿಲ್ಲೆ.”

“ಹಾಂಗಾರೆ ಮೊದ್ಲಿಂದ ಓದ್. ದೋಣಿ ಬಿಡೂ ಮಾತ್ ಎಲ್ಲೆಲ್ಲಿ ಬತ್ತ್, ಅದ್ರ್ ಹಿಂದ್ ಮುಂದ್ ಎಂತ ಇತ್ತ್, ಎಲ್ಲ ಕಾಣ್. ನಾನೂ ಆಗ ಅದನ್ನೇ ಮಾಡದ್ದ್.”

ಆ ಹೊತ್ತಿಗೆ ಬ್ರಹ್ಮಾವರದಲ್ಲಿ ಅದೇ ಕಾದಂಬರಿಯ ಮೇಲೆ ಒಂದು ದಿನದ ವಿಚಾರಗೋಷ್ಠಿ ನಿಗದಿಯಾಗಿತ್ತು. ನಡೆಸುವವರು ನಿವೃತ್ತ ಪ್ರಾಧ್ಯಾಪಕ ಗೋವರ್ಧನ ಹೆಗ್ಡೆಯವರು. ಕಾದಂಬರಿಯ ಬಗೆಗಿನ ಲೇಖನಗಳ ಸಂಕಲನವನ್ನು ಮರುಮುದ್ರಿಸುವ ಯೋಚನೆಯೂ ಅವರಿಗಿತ್ತು; ಅದರಲ್ಲಿ ಮೊದಲ ಲೇಖನ ವನಜ ಅವರದ್ದೇ. ವಿದ್ಯಾರ್ಥಿಗಳಿಂದ ಒಂದು ಪ್ರಬಂಧ ಬೇಕು ಎಂದು ಅವರು ಕೇಳಿದಾಗ ಮೇಡಂ ಹಿಂದೆ ಮುಂದೆ ನೋಡದೆ ಶರಣ್ಯಾಳ ಹೆಸರು ಕೊಟ್ಟರು. ಕೊಟ್ಟಾದ ಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದರು: ತನ್ನ ಊರಿನಲ್ಲೇ, ತನ್ನವರ ಎದುರೇ, ಈ ಹುಡುಗಿಯ ಉತ್ತರ ಸೋತರೆ ಅವಳಿಗೆ ಅವಮಾನ, ಗೆದ್ದರೆ ತನಗೆ. ಇದೆಂಥ ಬುದ್ಧಿ ತನ್ನದು ಎಂದು ತಮಗೇ ನಗು ಬಂತು.

ಗೋಷ್ಠಿಗೆ ಮೊದಲು ಶರಣ್ಯಾ ಪ್ಯಾರಾ ತೋರಿಸಲು ಬಂದಳು. ಮೇಡಂ ಕೈ ಅಡ್ಡ ಹಿಡಿದರು.

“ಇನ್ನ್ ನಂಗೆ ತೋರ್ಸ್ಬೇಡ. ಅಲ್ಲೇ ಕೇಂತೆ.”

ಬ್ರಹ್ಮಾವರದ ಸಭಾಂಗಣ ಚಿಕ್ಕದು. ಕಾಲೇಜಿನ ಮಕ್ಕಳು, ನಾಲ್ಕಾರು ಉಪನ್ಯಾಸಕರು, ಊರಿನ ಹಳೆಯ ಓದುಗರು. ವನಜ ಮೇಡಂ ಮುಂದಿನ ಸಾಲಿನಲ್ಲಿ ಕೂತಿದ್ದರು. ಶರಣ್ಯಾ ಮೊದಲು ಕಾದಂಬರಿಯ ಪರಿಚಯ ಮಾಡಿದಳು, ತನ್ನ ಓದನ್ನು ಹೇಳಿದಳು. ಆಮೇಲೆ ನೀರು ಕುಡಿದು, ಹಾಳೆ ತಿರುಗಿಸಿ, ಆ ಪ್ಯಾರಾ ಓದಿದಳು.

“ಅಮ್ಮಣ್ಣಿ ಗಂಡನನ್ನು ಕರೆತರಲು ಹೊರಟಳು ಎಂಬುದು ವನಜ ಅವರ ಓದು. ಅವರ ಆಧಾರ ಗಟ್ಟಿಯಾದದ್ದು. ನಿರೂಪಕ ‘ದೋಣಿ ಬಿಟ್ಟಳು’ ಎಂದಾಗಲೆಲ್ಲ ಅಮ್ಮಣ್ಣಿ ಹೊಳೆ ದಾಟಿದ್ದಾಳೆ. ಕೊನೆಯ ಸಾಲಿಗೆ ಬೇರೆ ಅರ್ಥ ಹಚ್ಚುವವರು ಕಾರಣ ಕೊಡಬೇಕು. ಇದನ್ನು ನಾನು ಒಪ್ಪುತ್ತೇನೆ. ಕಾರಣ ಕಾದಂಬರಿಯಲ್ಲೇ ಇದೆ. ಅಮ್ಮಣ್ಣಿಗಿಂತ ಮೊದಲು ದೋಣಿ ನಡೆಸುತ್ತಿದ್ದ ಅತ್ತೆ, ತನ್ನ ಗಂಡ ತೀರಿಕೊಂಡ ಮೇಲೆ ಸೊಸೆಗೆ ಹುಟ್ಟು ಒಪ್ಪಿಸಿದ ಕತೆ ಹೇಳುತ್ತ, ‘ಅವ್ರ್ ಹೋದ್ ಮೇಲೆ ನಾನ್ ದೋಣಿ ಬಿಟ್ಟೆ’ ಎನ್ನುತ್ತಾಳೆ. ಅಲ್ಲಿ ಬಿಟ್ಟೆ ಎಂದರೆ ತೊರೆದೆ. ಇದು ನಿರೂಪಕನ ಮಾತಲ್ಲ, ಪಾತ್ರದ ಮಾತು. ಆದರೆ ಕೇಳಿಸಿಕೊಂಡವಳು ಅಮ್ಮಣ್ಣಿ. ಇಷ್ಟರಿಂದ ಎರಡೂ ಅರ್ಥ ಸಾಧ್ಯ ಎಂದಾಯಿತೇ ಹೊರತು ಯಾವುದೆಂದು ತೀರ್ಮಾನವಾಗಲಿಲ್ಲ. ತೀರ್ಮಾನದ ಕಡೆಗೆ ಒಯ್ಯುವುದು ಕಾದಂಬರಿಯ ಕೊನೆಯ ಸಾಲಿನ ಹಿಂದಿನ ಸಾಲು. ದಾಟುವ ಮೊದಲು ಪ್ರತಿ ಸಲವೂ ಅಮ್ಮಣ್ಣಿ ಆಚೆಯ ಕರೆಗೆ ‘ಬಂದೆ’ ಎಂದಿದ್ದಾಳೆ. ಚಂದಯ್ಯ ಕರೆದಾಗ ಮಾತ್ರ ‘ಅಮ್ಮಣ್ಣಿ ಓಗೊಡಲಿಲ್ಲ’ ಎಂದು ಬರೆದಿದೆ. ಅವಳು ಹುಟ್ಟು ಎತ್ತಿಕೊಂಡಳೋ ಇಲ್ಲವೋ, ಕಾದಂಬರಿ ಹೇಳುವುದಿಲ್ಲ. ಅದನ್ನು ಆಧಾರ ಮಾಡಲಾಗದು. ಓಗೊಡಲಿಲ್ಲ ಎಂಬುದನ್ನು ಕಾದಂಬರಿಯೇ ಹೇಳುತ್ತದೆ. ಹೇಳದೆ ಉಳಿದದ್ದು ಬೇರೆ, ಇಲ್ಲವೆಂದು ಹೇಳಿದ್ದು ಬೇರೆ. ಹಾಗಾಗಿ ವನಜ ಅವರ ಓದು ಅಸಾಧ್ಯವಲ್ಲವಾದರೂ, ಕೊನೆಯ ಪುಟ ತೊರೆಯುವ ಅರ್ಥದ ಕಡೆಗೇ ಹೆಚ್ಚು ವಾಲುತ್ತದೆ.”

ಮೇಡಂ ಕೂತಲ್ಲೇ ನೆಟ್ಟಗಾದರು. ಸಂಭಾಷಣೆ. ತಾವು ನಿರೂಪಣೆಯ ಸಾಲುಗಳನ್ನು ಮಾತ್ರ ಆರಿಸಿದ್ದರು. ಆ ಮುದುಕಿಯ ಮಾತನ್ನು ಎಷ್ಟು ಸಲ ಓದಿದ್ದರೂ ಅದು ಕೊನೆಯ ಸಾಲಿಗೆ ಅಂಟಿಕೊಂಡಿದೆ ಎಂದು ಹೊಳೆದಿರಲಿಲ್ಲ. ‘ಓಗೊಡಲಿಲ್ಲ’ ಎಂಬ ಸಾಲನ್ನಂತೂ ಸಂಭ್ರಮದ ಮೌನ ಎಂದುಕೊಂಡು ದಾಟಿಬಿಟ್ಟಿದ್ದರು. ಮತ್ತೆ ಆ ಹುಟ್ಟಿನ ವಿಚಾರ. ತಾವು ಬೈದು ಹೇಳಿದ ಮಾತನ್ನೇ ಮಸೆದು ತಮ್ಮ ಮುಂದೆ ಹಿಡಿದಿದ್ದಳು ಹುಡುಗಿ.

ಗೋವರ್ಧನ ಹೆಗ್ಡೆಯವರು ಸುಮ್ಮನೆ ಬಿಡುವವರಲ್ಲ. ಅವರು ಮೊದಲಿನಿಂದಲೂ ವನಜ ಅವರ ಪಕ್ಷ.

“ಅಲ್ಲಮ್ಮ, ಇಷ್ಟು ವರ್ಷ ಅವಳು ಕಾದ ಗಂಡ ಬಂದಿದ್ದಾನೆ. ಗಂಟಲು ಕಟ್ಟಿ ಮಾತು ಹೊರಡದೆ ಇರಬಹುದಲ್ಲ? ಓಗೊಡಲಿಲ್ಲ ಎಂದರೆ ಒಲ್ಲೆ ಎಂದೇ ಯಾಕಾಗಬೇಕು?”

ಇದು ತಮ್ಮದೇ ಉತ್ತರ ಎಂದು ಮೇಡಂಗೆ ಗೊತ್ತಿತ್ತು. ತಾವೇ ಎದ್ದು ಕೇಳಿದ್ದರೂ ಇದನ್ನೇ ಕೇಳುತ್ತಿದ್ದರು. ಆದರೆ ಆ ಕ್ಷಣ ಅವರ ಮನಸ್ಸು ತಮ್ಮ ಓದಿನ ಪಕ್ಷದಲ್ಲಿರಲಿಲ್ಲ. ಹೇಳು, ಹೇಳು ಎಂದು ಒಳಗೊಳಗೇ ಹುಡುಗಿಗೆ ಒತ್ತಾಸೆ ಕೊಡುತ್ತಿತ್ತು.

ಶರಣ್ಯಾ ಪುಸ್ತಕ ತೆರೆದು ಪೆನ್ಸಿಲ್ ಗುರುತು ಹಾಕಿದ್ದ ಪುಟ ಹುಡುಕಿದಳು.

“ಇರಬಹುದು ಸರ್. ಆದರೆ ಅವಳಿಗೆ ಗಂಟಲು ಕಟ್ಟಿದ್ದು ಈ ಕಾದಂಬರಿಯಲ್ಲಿ ಒಮ್ಮೆ ಬರುತ್ತದೆ. ಅತ್ತೆ ಸತ್ತ ದಿನ. ಹೆಣ ಇನ್ನೂ ಅಂಗಳದಲ್ಲಿದೆ, ಆಚೆಯಿಂದ ನೆಂಟರು ಕರೆಯುತ್ತಾರೆ. ‘ಗಂಟಲು ಕಟ್ಟಿತ್ತು. ಆದರೂ ಬಂದೆ ಎಂದಳು’ ಎಂದಿದೆ. ಆ ದಿನವೂ ಓಗೊಟ್ಟವಳು ಸರ್ ಅವಳು. ನನಗೆ ಖಚಿತ ಇಲ್ಲ. ಅದಕ್ಕೇ ವಾಲುತ್ತದೆ ಎಂದೆ, ಹೌದು ಎನ್ನಲಿಲ್ಲ.”

ಯಾರೋ ಹಿಂದಿನ ಸಾಲಿನಲ್ಲಿ ‘ಅಹಾ’ ಎಂದರು. ಹೆಗ್ಡೆಯವರು ಕನ್ನಡಕ ತೆಗೆದು ವನಜ ಮೇಡಂ ಕಡೆ ತಿರುಗಿದರು. “ನೀವೇನು ಹೇಳುತ್ತೀರಿ?”

ಮೇಡಂ ಎದ್ದು ನಿಂತರು. ಅಷ್ಟೂ ಜನ ಅವರನ್ನೇ ನೋಡುತ್ತಿದ್ದರು.

“ಇಪ್ಪತ್ತು ವರ್ಷದಿಂದ ನನ್ನ ಲೇಖನವನ್ನು ಹೊಗಳಿದವರಿದ್ದಾರೆ, ಬೈದವರಿದ್ದಾರೆ. ಓದಿ ಉತ್ತರ ಕೊಟ್ಟವಳು ಇವಳೊಬ್ಬಳೇ,” ಎಂದರು. “ಸಂಕಲನ ಮರುಮುದ್ರಣವಾಗುವಾಗ ನನ್ನ ಲೇಖನದ ಬೆನ್ನಿಗೇ ಇವಳದ್ದು ಇರಲಿ. ನನ್ನದನ್ನು ತಿದ್ದುವುದಿಲ್ಲ. ಓದುಗರು ಎರಡನ್ನೂ ತೂಗಿ ನೋಡಲಿ.”

ಕೂರುವಾಗ ಅವರಿಗೆ ಸೋತೆ ಎನಿಸಲಿಲ್ಲ. ಮೊದಲ ಲೇಖನ ಅಚ್ಚಾಗಿ ಬಂದ ದಿನ ಪತ್ರಿಕೆ ಹಿಡಿದಾಗ ಎದೆ ಉಬ್ಬಿತ್ತು. ಆ ದಿನಕ್ಕಿಂತ ಇಂದು ತುಸು ಹೆಚ್ಚೇ.

ಸಂಜೆ ಇಬ್ಬರೂ ಹೆದ್ದಾರಿಯ ಬದಿಗೆ ಬಂದರು. ಮೇಡಂ ಮನೆ ಅಲ್ಲೇ ಹತ್ತಿರ. ಆದರೂ ಬೈಂದೂರು ಬಸ್ಸು ಬರುವವರೆಗೆ ನಿಂತರು.

“ಮೇಡಂ, ಬೇಜಾರಾಯ್ತಾ?”

“ಎಂತಕ್ಕೆ?”

“ಎಲ್ಲರೆದ್ರ್ ಹೆಸ್ರ್ ಹೇಳಿ…”

“ಹೆಸ್ರ್ ಹೇಳದ್ದಕ್ಕೇ ಖುಷಿ ಆದ್ದ್. ‘ಕೆಲವರು’ ಅಂದಿದ್ರೆ ಎದ್ದ್ ಹೋತಿದ್ದೆ.”

ಶರಣ್ಯಾ ಆ ದಿನ ಮೊದಲ ಸಲ ನಕ್ಕಳು. ಮತ್ತೆ ಕೇಳಿದಳು, “ಈಗ ನಿಮ್ಗೆ ಎಂತ ಕಾಂತ್? ಅಮ್ಮಣ್ಣಿ ಹೋದ್ಲಾ, ಇಲ್ಯಾ?”

ಬಸ್ಸು ದೂರದಲ್ಲಿ ಹಾರ್ನ್ ಹಾಕುತ್ತ ಬರುತ್ತಿತ್ತು.

“ಹೋದ್ಲ್ ಅಂದೇ ಕಾಂತ್,” ಎಂದರು ಮೇಡಂ. “ಆದ್ರೆ ಇನ್ನ್ ಹಾಂಗೆ ಹೇಳೂಕೆ ನಾನೂ ಒಂದ್ ಪ್ಯಾರಾ ಬರೀಕ್. ಆ ಗಂಟಲ್ ಕಟ್ಟಿದ್ ಪುಟ ಎಷ್ಟನೇದ್ ಹೇಳ್?”

ಹುಡುಗಿ ಬಸ್ಸಿನ ಮೆಟ್ಟಿಲು ಹತ್ತುತ್ತ ಪುಟದ ಸಂಖ್ಯೆ ಕೂಗಿ ಹೇಳಿದಳು. ಕಂಡಕ್ಟರ್ ಸೀಟಿ ಊದಿದ. ಮೇಡಂ ಆ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಮನೆಯ ಕಡೆ ಬೀಸುಗಾಲು ಹಾಕಿದರು.