ನಡಾವಳಿಗೆ ಬಾರದ ಕೈಗಳು

ಆಸ್ಫಿಯಾ ತನ್ನೊಳಗೇ ಒಪ್ಪಿಕೊಂಡಿದ್ದ ಅಳುಕು ಇಷ್ಟೇ: ಸಾಫ್ಟ್‌ವೇರ್ ಬರೆದ ಕನ್ನಡ ತನ್ನ ಕನ್ನಡಕ್ಕಿಂತ ಚೆನ್ನಾಗಿತ್ತು. ಇದನ್ನು ಅವಳು ದಿನಚರಿಯಲ್ಲಿ ಬರೆದು, ಯಾರೂ ಓದದ ಆ ಪುಸ್ತಕದಲ್ಲೂ ನಾಚಿಕೆಯಾಗಿ, ಅರ್ಧ ಸಾಲು ಹೊಡೆದುಹಾಕಿದ್ದಳು.

ಬಿ.ಕಾಂ. ಮುಗಿಸಿ ಕೆಂಪು ಬಾಳೆ ಬೆಳೆಗಾರರ ಕಂಪನಿಗೆ ಸೇರಿ ಎಂಟು ತಿಂಗಳಾಗಿತ್ತು. ಬೆಳೆಗಾರರು ಕಮಲಾಪುರದವರು, ಕಚೇರಿ ಮಾತ್ರ ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ, ಒಂದು ಲಾಡ್ಜಿನ ಪಕ್ಕದ ಮಹಡಿಯ ಮೇಲೆ. ಅಲ್ಲಿ ಅವಳ ಕೆಲಸ ಸಭೆಯ ನಡಾವಳಿ ಬರೆಯುವುದು. ಬಾಯಿ ತೆರೆಯದೆ ಮಾಡಬಹುದಾದ ಕೆಲಸ ಅಂತಲೇ ಅವಳಿಗೆ ಅದು ಹಿಡಿಸಿತ್ತು. ಈ ಸಲ ಅವಳೂ ಹೋಗಿದ್ದ ಕಮಲಾಪುರದ ಸಭೆಯಲ್ಲಿ ವ್ಯವಸ್ಥಾಪಕ ಮಹಾದೇವ ಮೇಜಿನ ನಡುವೆ ಫೋನಿಟ್ಟು ಎಲ್ಲ ಮಾತನ್ನೂ ರೆಕಾರ್ಡ್ ಮಾಡಿಕೊಂಡು ಬಂದಿದ್ದ. ಮರುದಿನ ಚಹಾ ಆರುವುದರೊಳಗೆ ಎರಡು ತಾಸಿನ ಗದ್ದಲ ಸಾಫ್ಟ್‌ವೇರಿನ ಕೈಯಲ್ಲಿ ಒಂದೂವರೆ ಪುಟವಾಗಿ ಪರದೆಯ ಮೇಲೆ ನಿಂತಿತ್ತು. ಯಾರು ಬಂದಿದ್ದರು, ಏನು ಚರ್ಚೆ, ಏನು ತೀರ್ಮಾನ, ಯಾರ ಹೊಣೆ, ಎಲ್ಲವೂ.

"ಓದಿ ನೋಡಿಬಿಡು," ಎಂದ ಮಹಾದೇವ. "ತಪ್ಪಿದ್ರ ತಿದ್ದು. ಮುಂದಿನ ಸಭಾದಾಗ ಓದಿ ಹೇಳಿ ಅಧ್ಯಕ್ಷರ ಸಹಿ ತಗೊಂಡ್ರ ಮುಗೀತು. ಆಮ್ಯಾಲ ಅದೇ ದಾಖಲಾ."

ಓದಿದಳು. ಬೆರಗಾದಳು. ದನ, ಮಳೆ, ಮದುವೆ ಎಲ್ಲ ಬೆರೆಸಿ ಆಡಿದ ಮಾತಿನೊಳಗಿಂದ ಆ ಯಂತ್ರ ಬೇಕಾದ್ದನ್ನಷ್ಟೇ ಆರಿಸಿ ತೆಗೆದಿತ್ತು. ಪ್ರತಿ ಸಾಲಿನ ಪಕ್ಕ ಒಂದು ಸಮಯ. ಅದನ್ನು ಒತ್ತಿದರೆ ಆ ಮಾತು ಆಡಿದ ಕ್ಷಣವೇ ಕಿವಿಗೆ ಕೇಳುತ್ತದೆ. ಅವಳು ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ಸಾಲು ಒತ್ತತೊಡಗಿದಳು.

ಐದನೇ ಸಾಲಿನಲ್ಲಿ ಬೆರಳು ನಿಂತಿತು. ಕೊಯ್ಲಿನ ವೇಳೆ ಬದಲಿಸಬೇಕು ಎಂದು ಅಕ್ಬರಿ ಬೇಗಂ ಹೇಳಿದರೆಂದು ಬರೆದಿತ್ತು. ಕಿವಿಯಲ್ಲಿದ್ದದ್ದು ಖುರ್ಷೀದ್ ಬೇಗಂ ದನಿ. ಇಬ್ಬರೂ ಬೆಳೆಗಾರರು, ಇಬ್ಬರೂ ನಿರ್ದೇಶಕರು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದವರು; ಯಂತ್ರಕ್ಕೆ ಎರಡು ಗಂಟಲು ಒಂದೇ ಆಗಿತ್ತು. ಹೆಸರು ತಿದ್ದಿದಳು.

ಆಮೇಲೆ ಸಾಲು ಬಿಟ್ಟು, ಮೊದಲಿಂದ ಕೊನೆಯವರೆಗೆ ಇಡೀ ರೆಕಾರ್ಡನ್ನೇ ಕೇಳಿದಳು. ಬರೆದಿರುವುದನ್ನು ಒತ್ತಿ ನೋಡಿದರೆ ತಪ್ಪು ಸಿಗುತ್ತದೆ, ಬಿಟ್ಟಿರುವುದು ಸಿಗುವುದಿಲ್ಲ ಎಂದು ಅವಳಿಗೆ ಹೊಳೆದಿತ್ತು. ಸಿಕ್ಕಿತು. "ಪೀಛೆ ಕಾ ಪತ್ರಾ ಟಪಕ್ ರಯಾ, ಮೌಜಾಂ ಗಲ್ ಜಾರೇ," ಎಂದು ಅಕ್ಬರಿ ಬೇಗಂ ದಖನಿಯಲ್ಲಿ ಹೇಳಿದ್ದರು: ಶೆಡ್ಡಿನ ಹಿಂದಿನ ತಗಡು ಸೋರುತ್ತದೆ, ಹಣ್ಣು ಕೊಳೆಯುತ್ತಿವೆ. ಮಳೆಗೆ ಮುಂಚೆ ರಿಪೇರಿ ಮಾಡಿಸ್ತೀನಿ ಎಂದು ಮಹಾದೇವ ಒಪ್ಪಿಯೂ ಇದ್ದ. ಮನೆಯ ಮಾತಾದ್ದರಿಂದ ಆಸ್ಫಿಯಾಗೆ ಅದು ಸಲೀಸಾಗಿ ಕೇಳಿತು. ಯಂತ್ರ ಅದನ್ನು ಮಾತೆಂದೇ ಎಣಿಸಿರಲಿಲ್ಲ.

ಮತ್ತೆ ಸಾಲುಗಳಿಗೆ ಮರಳಿದಳು. ಎಂಟನೇ ಸಾಲು: "ಸಂಗ್ರಹಣಾ ಶೆಡ್ಡನ್ನು ಕಮಲಾಪುರದಿಂದ ಶರಣಸಿರಸಗಿಗೆ ಸ್ಥಳಾಂತರಿಸಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು."

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅದು ನಿರ್ದೇಶಕ ಅಂಬಣ್ಣನ ಪ್ರಸ್ತಾವ. ಪೇಟೆಗೆ ಹತ್ತಿರವಾಗುತ್ತದೆ, ಲಾರಿಗೆ ಅನುಕೂಲ ಎಂದು ಅವನ ವಾದ. ಆದರೆ ಅಕ್ಬರಿ ಬೇಗಂ ತೋಟದಿಂದ ಗೊನೆ ಹೊತ್ತು ಈಗಿನ ಶೆಡ್ಡಿಗೆ ಹತ್ತು ನಿಮಿಷದಲ್ಲಿ ನಡೆದು ಬರುತ್ತಾರೆ. ಶೆಡ್ಡು ಕಲಬುರಗಿಯ ಅಂಚಿಗೆ ಹೋದರೆ ಆ ದಾರಿ ಅವರಿಗೂ ಅವರಂಥ ಮೂವತ್ತು ಮನೆಗಳಿಗೂ ಮುಗಿದಂತೆ.

ಸಮಯ ಒತ್ತಿದಳು. ಅಧ್ಯಕ್ಷ ಅಣವೀರಪ್ಪನವರ ದನಿ: "ಒಪ್ಪಿಗಿ ಇದ್ದವ್ರು ಕೈ ಎತ್ರಿ." ಆಮೇಲೆ ಮೌನ. ಫ್ಯಾನಿನ ಕಿರ್ ಕಿರ್. ಎಲ್ಲೋ ಒಂದು ಕುರ್ಚಿ ಸರಿದ ಸದ್ದು. ಯಾರದೋ ಉಸಿರು, ಅದು ಇಲ್ಲಿ ಕೂತು ಕೇಳುತ್ತಿರುವ ತನ್ನದೇ ಎಂದು ತಿಳಿದು ಅವಳು ಬೆಚ್ಚಿದಳು. ಹನ್ನೊಂದು ಸೆಕೆಂಡ್. ಆಮೇಲೆ ಮತ್ತೆ ಅಣವೀರಪ್ಪ: "ಹೂಂ. ಆಯ್ತು. ಮುಂದಿಂದು ತಗೋರಿ."

ಅವಳು ಕಣ್ಣು ಮುಚ್ಚಿ ಮತ್ತೆ ಕೇಳಿದಳು, ಮತ್ತೊಮ್ಮೆ. ಒಂಬತ್ತು ನಿರ್ದೇಶಕರು ತುಂಬಿದ ಆ ಕೋಣೆಯ ಇಡೀ ನಿರ್ಧಾರ ಈ ಹನ್ನೊಂದು ಸೆಕೆಂಡಿನ ಒಳಗಿತ್ತು, ಒಂದೂ ಶಬ್ದವಿಲ್ಲದೆ. ಆ ಊರಿನ ರೀತಿ ಅದು. ಕೈ ಕಡಿಮೆ ಎದ್ದರೆ ಅಧ್ಯಕ್ಷರು "ಬಿತ್ತು" ಎನ್ನುವುದಿಲ್ಲ; ಪ್ರಸ್ತಾವ ತಂದವನ ಮುಖ ಉಳಿಯಲಿ ಎಂದು ಸುಮ್ಮನೆ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಕೋಣೆಯಲ್ಲಿದ್ದವರಿಗೆ ಅಷ್ಟು ಸಾಕು. ಕಣ್ಣಿಲ್ಲದ ಯಂತ್ರ ಮೌನದ ಹಿಂದೆ ಬಂದ ಒಂದು "ಆಯ್ತು" ಹಿಡಿದುಕೊಂಡು, ಬೇಡ ಎಂದವರು ಯಾರೂ ಕೇಳಿಸಲಿಲ್ಲವಾದ್ದರಿಂದ, ಸರ್ವಾನುಮತ ಎಂದು ಬರೆದಿತ್ತು. ಎಷ್ಟು ಧೈರ್ಯದಿಂದ, ಎಷ್ಟು ಚೆಂದದ ಅಕ್ಷರದಲ್ಲಿ.

ಆಸ್ಫಿಯಾ ಅಂದು ಮೂಲೆಯಲ್ಲಿ ಕೂತು ಕೈಗಳನ್ನು ಎಣಿಸಿದ್ದಳು. ಮಾತಾಡದವರು ಎಣಿಸುತ್ತಾರೆ.

ಹೆಸರು, ಬಿಟ್ಟ ವಿಷಯ, ಇಲ್ಲದ ತೀರ್ಮಾನ, ಮೂರನ್ನೂ ಹಾಳೆಯ ಮೇಲೆ ಬರೆದು ಮಹಾದೇವನ ಮೇಜಿನ ಮೇಲಿಟ್ಟಳು. ಮೊದಲಿನ ಎರಡನ್ನು ಅವನು ಕೇಳಿದ ಕೂಡಲೇ ಒಪ್ಪಿದ. "ಭೇಷ್. ನನಗ ಗೊತ್ತೇ ಆಗ್ತಿದ್ದಿಲ್ಲ." ಮೂರನೆಯದಕ್ಕೆ ರೆಕಾರ್ಡ್ ಕೇಳಿ ತಲೆ ಕೆರೆದುಕೊಂಡ.

"ಅಧ್ಯಕ್ಷರು ಆಯ್ತು ಅಂದಾರಲ್ಲ. ಕೈ ಎಷ್ಟು ಎದ್ದುವು ನಾ ನೋಡಿಲ್ಲ, ಫೈಲ್ ತಿರುವ್ಲತ್ತಿದ್ದೆ. ನೀ ಬರದಿಟ್ಟೀಯೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಫೋನ್ ಬರೆದುಕೊಳ್ಳುತ್ತದೆ ಅಂತ ಅಂದು ಪೆನ್ನು ಮುಚ್ಚಿಟ್ಟಿದ್ದಳು.

"ಮತ್ತ ಹ್ಯಾಂಗ ತಿದ್ದೂದು? ಹಂಗ ಇರ್ಲಿ, ಸಭಾದಾಗ ಓದ್ತೀನಿ. ತಪ್ಪಿದ್ರ ಅಲ್ಲೇ ಹೇಳು." ಅವಳು ಹೇಳುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ತಿಂಗಳು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದರು. ಶೆಡ್ಡಿನಲ್ಲಿ ಕ್ರೇಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಕೆಂಪು ಗೊನೆಗಳ ಸಿಹಿ ವಾಸನೆ ತುಂಬಿತ್ತು. ಮಹಾದೇವ ಹಿಂದಿನ ಸಭೆಯ ನಡಾವಳಿ ಓದಿದ. ಅಚ್ಚಾದ ಕನ್ನಡ ಆ ತಗಡಿನ ಕೆಳಗೆ ರೇಡಿಯೋದ ವಾರ್ತೆಯ ಹಾಗೆ ಮೊಳಗಿತು. ಎಲ್ಲರೂ ನೆಟ್ಟಗೆ ಕೂತರು.

"ಏನ್ ಛಂದ ಬರದದ್ರೀ," ಎಂದ ಅಂಬಣ್ಣ. "ನಾವೇ ಇಷ್ಟ್ ಶಾಣ್ಯಾತನದಲೇ ಮಾತಾಡೀವೇನು?"

"ನೀ ಅಲ್ಲಪಾ," ಎಂದರು ಖುರ್ಷೀದ್ ಬೇಗಂ. "ನಿನ್ನ ಪಾಲಿಂದು ಮಷೀನ್ ತಿದ್ದಿರ್ಬೇಕು."

ನಗು ಎದ್ದಿತು. ಎಂಟನೇ ಸಾಲು ಬಂದಾಗ ಪ್ರಸ್ತಾವ ತಂದ ಅಂಬಣ್ಣನದೇ ಹುಬ್ಬು ಮೇಲೇರಿತು. ಅಣವೀರಪ್ಪ ಕನ್ನಡಕ ಮೇಲೇರಿಸಿದರು.

"ಒಪ್ಪಿದ್ದೆವೇನು? ನನಗ ಹಂಗ ನೆನಪಿದ್ದಿಲ್ಲ." ಮಹಾದೇವನ ಕೈಯಲ್ಲಿದ್ದ ಹಾಳೆಯತ್ತ ನೋಡಿದರು. "ಒಪ್ಪಿರ್ಬೇಕು ಬಿಡ್ರಿ. ನನ್ನ ದನಿಯಾಗ ಆಯ್ತು ಅಂತ ಅದ ಅಂತಾನ ಮಹಾದೇವ. ವಯಸ್ಸಾತು."

ಒಬ್ಬೊಬ್ಬರೇ ಹೌದೆಂದು ತಲೆ ಆಡಿಸತೊಡಗಿದರು. ಆಸ್ಫಿಯಾ ಅದನ್ನು ಕಣ್ಣಾರೆ ಕಂಡಳು: ಆಗದೆ ಇದ್ದದ್ದು ಒಂದು ಹಾಳೆಯಿಂದ ಎದ್ದು, ಒಬ್ಬೊಬ್ಬರ ನೆನಪಿನೊಳಗೆ ಹೋಗಿ, ಮೊದಲಿನಿಂದ ಅಲ್ಲೇ ಇದ್ದ ಹಾಗೆ ಕೂತುಕೊಳ್ಳುತ್ತಿತ್ತು. ಮಸೀದಿಯೊಳಗೆ ಗುಮ್ಮಟದ ಕೆಳಗೆ ನಿಂತಾಗ ಆಗುವಂತೆ ಅವಳ ಉಸಿರು ಸಣ್ಣದಾಯಿತು.

ಅಕ್ಬರಿ ಬೇಗಂ ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಗುಚಿ ನೋಡಿಕೊಂಡರು. ಬಾಳೆಯ ಕಲೆ ಹತ್ತಿ ಕಪ್ಪಾದ ಅಂಗೈ.

"ಬರದದ ಅಂದ್ರ," ಎಂದರು ಮೆಲ್ಲಗೆ, "ನಾನೂ ಎತ್ತಿರ್ಬೇಕು."

ಅಣವೀರಪ್ಪ ಪೆನ್ನಿನ ಟೋಪಿ ತೆಗೆದರು.

"ಇಲ್ಲ ಖಾಲಾ," ಎಂದಳು ಆಸ್ಫಿಯಾ. ತನ್ನ ದನಿ ಆ ಶೆಡ್ಡಿನಲ್ಲಿ ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅದೇ ಮೊದಲು. ಎಲ್ಲ ಮುಖಗಳೂ ತಿರುಗಿದವು. ಅವಳು ಎದ್ದು ನಿಂತಿದ್ದಳು. "ನೀವು ಕೈ ಎತ್ತಿದ್ದಿಲ್ಲ. ಒಂಬತ್ತು ಮಂದಿಯೊಳಗ ನಾಕೇ ಕೈ ಎದ್ದಿದ್ದುವು. ನಾ ಎಣಿಸೀನಿ."